ನೀರು ಎಲ್ಲಿಂದ ಬಂತು?

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗ ಮುಳುಗಿದ್ದು ನಿಮಗೆ ನೆನಪಿರಬಹುದು. ನನ್ನ ಭಾವನ ಮನೆಯೂ ಆ ನೀರಿನಲ್ಲಿತ್ತು. ರಾಜಕಾಲುವೆ ಉಕ್ಕಿದ ಐದನೇ ದಿನ ವಿಮಾ ಕಂಪನಿಯ ಪರವಾಗಿ ಸರ್ವೇಯರ್ ಬಂದರು. ಐವತ್ತು ದಾಟಿದ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದ ಮನುಷ್ಯ. ಏನೇನು ಹಾಳಾಗಿದೆ ಎಂದು ಅವರು ಮೊದಲು ಕೇಳಲೇ ಇಲ್ಲ. ‘ನೀರು ಯಾವ ಕಡೆಯಿಂದ ಒಳಗೆ ಬಂತು ಸರ್?’ ಎಂದರು.

ಅಕ್ಕ ಅಷ್ಟರಲ್ಲಿ ಹಾಲಿನ ಗೋಡೆಯನ್ನೆಲ್ಲ ಸೋಪು ಹಾಕಿ ಉಜ್ಜಿ ತೊಳೆದುಬಿಟ್ಟಿದ್ದಳು. ಕೆಸರಿನ ವಾಸನೆಯಲ್ಲಿ ಎಷ್ಟು ದಿನ ಇರಲು ಸಾಧ್ಯ? ಸರ್ವೇಯರ್ ಮಾತಾಡದೆ ಮಲಗುವ ಕೋಣೆಗೆ ಹೋಗಿ, ಉಬ್ಬಿ ಬಿರುಕು ಬಿಟ್ಟಿದ್ದ ಪ್ಲೈವುಡ್ ವಾರ್ಡ್‌ರೋಬನ್ನು ಭಾವನ ಕೈಯಲ್ಲಿ ಜರುಗಿಸಿದರು. ಹಿಂದಿನ ಗೋಡೆಯ ಮೇಲೆ ನೆಲದಿಂದ ಎರಡು ಅಡಿ ನಾಲ್ಕು ಇಂಚು ಎತ್ತರಕ್ಕೆ ಕಂದು ಬಣ್ಣದ ಗೆರೆ, ದಾರ ಹಿಡಿದು ಎಳೆದಷ್ಟು ನೇರ. ಟೇಪು ಇಟ್ಟು ಫೋಟೊ ತೆಗೆದುಕೊಂಡರು. ಆಮೇಲೆ ಕತ್ತೆತ್ತಿ ಸೂರಿನ ಮೂಲೆ ನೋಡಿದರು. ಅಲ್ಲಿಂದ ಇನ್ನೊಂದು ಕಲೆ ಕೆಳಕ್ಕಿಳಿದಿತ್ತು, ಅಂಕುಡೊಂಕಾಗಿ. ‘ಇದು ಬೇರೆ ಸರ್. ಟೆರೇಸಿನ ಸೋರಿಕೆ. ಇದು ಬರಲ್ಲ’ ಎಂದು ಪಟ್ಟಿಯಿಂದ ಅಷ್ಟನ್ನು ಹೊಡೆದುಹಾಕಿದರು.

ಭಾವನಿಗೆ ಸಿಟ್ಟು ಬಂತು. ಅದೇ ಮಳೆ, ಅದೇ ರಾತ್ರಿ, ಅದೇ ಗೋಡೆ. ಕೆಳಗಿನ ಕಲೆಗೆ ದುಡ್ಡು, ಮೇಲಿನ ಕಲೆಗೆ ಇಲ್ಲ ಎಂದರೆ ಯಾವ ನ್ಯಾಯ? ಆದರೆ ಗೃಹ ವಿಮೆಯ ಇಡೀ ತರ್ಕ ನಿಂತಿರುವುದು ಇದರ ಮೇಲೆಯೇ. ಪಾಲಿಸಿ ಹಾನಿಗೆ ವಿಮೆ ಕೊಡುವುದಿಲ್ಲ, ಕಾರಣಕ್ಕೆ ಕೊಡುತ್ತದೆ. ಹೊರಗಿನ ನೀರು ಏರಿ ಮನೆಯನ್ನು ಮುಳುಗಿಸಿದರೆ ಅದು ಪ್ರವಾಹ. ವರ್ಷಗಟ್ಟಲೆ ದುರಸ್ತಿಯಿಲ್ಲದೆ ಬಿರಿದ ತಾರಸಿಯಿಂದ ತೊಟ್ಟಿಕ್ಕಿದರೆ ಅದು ಸವೆತ. ಸವೆತ ಮನೆಯ ಯಜಮಾನನ ಖರ್ಚು.

ನಮ್ಮ ದೇಶದಲ್ಲಿ ಮನೆಗಳಿಗಾಗಿ ಈಗ ಇರುವ ಪ್ರಮಾಣಿತ ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಇದನ್ನು ಜಾರಿಗೆ ತಂದಿತು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ಒಕ್ಕಣೆ ಒಂದೇ. ಬೆಂಕಿ, ಸಿಡಿಲಿನ ಜೊತೆಗೆ ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ಪ್ರವಾಹ, ಜಲಾವೃತ, ಭೂಕುಸಿತ, ಬಂಡೆ ಉರುಳುವುದು ಎಲ್ಲವೂ ಇದರ ಒಡಲಿನಲ್ಲೇ ಇವೆ. ಇದಕ್ಕೆ ಮುಂಚೆ ಹೀಗಿರಲಿಲ್ಲ. ಹಳೆಯ ಅಗ್ನಿ ವಿಮೆಯಲ್ಲಿ ಭೂಕಂಪಕ್ಕೆ ಪ್ರತ್ಯೇಕ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಿತ್ತು. ಬಿರುಗಾಳಿ, ಪ್ರವಾಹಗಳನ್ನು ಬೇಡವೆಂದು ತೆಗೆಸಿ ನಾಲ್ಕು ಕಾಸು ಉಳಿಸಲೂ ಅವಕಾಶವಿತ್ತು. ಗೃಹಸಾಲ ತೆಗೆದುಕೊಂಡಾಗ ಬ್ಯಾಂಕಿನಲ್ಲಿ ಸಹಿ ಹಾಕಿಸಿಕೊಂಡ ದೀರ್ಘಾವಧಿ ಪಾಲಿಸಿಯೊಂದು ನಿಮ್ಮ ಬೀರುವಿನಲ್ಲಿದ್ದು, ಅದು 2021ಕ್ಕಿಂತ ಹಿಂದಿನದಾದರೆ, ಒಮ್ಮೆ ತೆಗೆದು ನೋಡಿ. ಭೂಕಂಪದ ಸಾಲು ಅದರಲ್ಲಿ ಇಲ್ಲದಿರಬಹುದು. ಇಂಥ ಪಾಲಿಸಿಗಳಲ್ಲಿ ವಿಮಾ ಮೊತ್ತವನ್ನು ಸಾಲದ ಮೊತ್ತಕ್ಕೆ ಸರಿಹೊಂದಿಸಿರುವುದೂ ಉಂಟು. ಅದು ಬ್ಯಾಂಕಿನ ಕಾಳಜಿ, ನಿಮ್ಮ ಸೋಫಾದ ಕಾಳಜಿ ಅಲ್ಲ.

ಕಾರಣದ ಪ್ರಶ್ನೆ ಅತ್ಯಂತ ತೊಡಕಾಗುವುದು ಮಲೆನಾಡಿನಲ್ಲಿ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಕೆಳಗಿಳಿದವು. ಅಂಥ ಭೂಕುಸಿತಕ್ಕೆ ಪಾಲಿಸಿಯಲ್ಲಿ ರಕ್ಷಣೆ ಇದೆ. ಆದರೆ ಅದೇ ವಾಕ್ಯದ ಬೆನ್ನಿಗೇ ಕೆಲವು ಹೊರಗಿಡುವಿಕೆಗಳಿವೆ. ಹೊಸ ಕಟ್ಟಡ ತನ್ನ ಭಾರಕ್ಕೆ ತಾನೇ ಕೂರುವಾಗ ಬೀಳುವ ಬಿರುಕು ಸಲ್ಲದು. ತುಂಬಿದ ಮಣ್ಣು ಕುಸಿದರೆ ಸಲ್ಲದು. ವಿನ್ಯಾಸದ ದೋಷ, ಕಳಪೆ ಕೆಲಸ, ಕಳಪೆ ಸಾಮಗ್ರಿಯಿಂದಾದದ್ದು ಸಲ್ಲದು. ಕಟ್ಟುವಾಗ, ಕೆಡಹುವಾಗ, ನೆಲ ಅಗೆಯುವಾಗ ಆದದ್ದೂ ಸಲ್ಲದು.

ಇದು ಮಡಿಕೇರಿಯ ಇಳಿಜಾರಿನಲ್ಲಿ ಮನೆ ಕಟ್ಟುವ ರೀತಿಗೆ ನೇರವಾಗಿ ತಗಲುವ ಮಾತು. ಅಲ್ಲಿ ಸೈಟು ಮಾಡುವುದೆಂದರೆ ಬೆಟ್ಟದ ಮೈಯನ್ನು ಜೆಸಿಬಿಯಲ್ಲಿ ಕಡಿದು, ಕಡಿದ ಮಣ್ಣನ್ನು ಮುಂದಕ್ಕೆ ಸುರಿದು ಸಮ ಮಾಡುವುದು. ಮನೆಯ ಹಿಂಭಾಗ ಕಡಿದ ನೆಲದ ಮೇಲೆ, ಮುಂಭಾಗ ತುಂಬಿದ ಮಣ್ಣಿನ ಮೇಲೆ. ಜೋರು ಮಳೆಗೆ ಹಿಂದಿನ ಬರೆ ಜರಿದು ಅಡುಗೆಮನೆಯ ಮೇಲೆ ಬಿದ್ದರೆ ಅದನ್ನು ಭೂಕುಸಿತ ಎಂದು ವಾದಿಸಬಹುದು. ಮುಂದಿನ ಮೆಟ್ಟಿಲು, ಜಗಲಿ ಮೆಲ್ಲನೆ ಕೆಳಗೆ ಕೂತರೆ ಕಂಪನಿ ‘ತುಂಬಿದ ಮಣ್ಣು’ ಎಂಬ ಸಾಲಿಗೆ ಬೆರಳಿಡುತ್ತದೆ. ಬೆಂಗಳೂರಿನಲ್ಲಿ ಇದರ ರೂಪ ಬೇರೆ. ಪಕ್ಕದ ಸೈಟಿನವರು ಬೇಸ್‌ಮೆಂಟಿಗೆಂದು ಹದಿನೈದು ಅಡಿ ಅಗೆದು ಬಿಟ್ಟಿರುತ್ತಾರೆ. ಮಳೆಗೆ ಮಣ್ಣು ಜಾರಿ ನಿಮ್ಮ ಕಾಂಪೌಂಡು ಹೊಂಡಕ್ಕೆ ಬೀಳುತ್ತದೆ. ಬಿದ್ದದ್ದು ಮಳೆಯಿಂದಲೋ ಅಗೆತದಿಂದಲೋ ಎಂಬುದರ ಮೇಲೆ ಕ್ಲೇಮು ನಿಲ್ಲುತ್ತದೆ.

ಇನ್ನೊಂದು ಮಾತು ಕೊಡಗಿನವರಿಗೆ ಕಹಿಯಾಗಿ ಕೇಳುತ್ತದೆ. ವಿಮೆ ಇರುವುದು ಕಟ್ಟಡಕ್ಕೆ, ನೆಲಕ್ಕಲ್ಲ. ಮನೆಯ ಜೊತೆ ಸೈಟೇ ಕಣಿವೆಗೆ ಜಾರಿಹೋದರೆ ಆ ಸೈಟಿನ ಬೆಲೆಯನ್ನು ಯಾವ ಗೃಹ ವಿಮೆಯೂ ಕಟ್ಟಿಕೊಡದು.

ಕರಾವಳಿಗೆ ಬಂದರೆ ಉಳ್ಳಾಲ, ಉಚ್ಚಿಲದ ಕಡೆಯವರ ಕಷ್ಟವೇ ಬೇರೆ. ಚಂಡಮಾರುತ ಪಾಲಿಸಿಯಲ್ಲಿದೆ, ಕಡಲ್ಕೊರೆತ ಇಲ್ಲ. ನದಿಯ ದಂಡೆ ಕೊರೆತವೂ ಇಲ್ಲ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಅಪ್ಪಳಿಸಿದಾಗಿನ ಹಾಗೆ, ಗಾಳಿಗೆ ಹಂಚು ಹಾರಿದರೆ, ತೆಂಗಿನ ಮರ ಬಿದ್ದು ಸೂರು ಮುರಿದರೆ, ಅಲೆ ನುಗ್ಗಿ ಸಾಮಾನು ಕೊಚ್ಚಿಹೋದರೆ ತಕರಾರಿಗೆ ಹೆಚ್ಚು ಜಾಗವಿಲ್ಲ. ಆದರೆ ಮೂರು ಮಳೆಗಾಲದಿಂದ ಸಮುದ್ರ ಅಂಗಳವನ್ನು ತಿನ್ನುತ್ತ ಬಂದು, ಕೊನೆಗೆ ಒಂದು ಗಾಳಿಯ ರಾತ್ರಿ ಗೋಡೆ ಬಿದ್ದರೆ? ಪಾಯದ ಕೆಳಗಿನ ಮಣ್ಣು ಮೊದಲೇ ಹೋಗಿತ್ತು ಎಂದು ಕಂಪನಿ, ಬೀಳಿಸಿದ್ದು ಆ ರಾತ್ರಿಯ ಗಾಳಿ ಎಂದು ಮನೆಯವರು. ಮುಖ್ಯ ಕಾರಣ ಯಾವುದು ಎಂಬ ಈ ಜಗಳದಲ್ಲಿ ಗೆಲ್ಲಲು ಬೇಕಾದ ಸಾಕ್ಷಿ ಎಂದರೆ ಹಿಂದಿನ ವರ್ಷದ, ಹಿಂದಿನ ತಿಂಗಳ ಫೋಟೊ. ಮನೆ ನಿಂತಿರುವಾಗ ಅಂಗಳದ ಫೋಟೊ ತೆಗೆದಿಡುವವರು ಯಾರು ಹೇಳಿ.

ಭೂಕಂಪ ನಮಗೆ ದೂರದ ಮಾತು ಎಂಬ ಭಾವನೆ ಇದೆ. 1993ರ ಕಿಲ್ಲಾರಿ ಭೂಕಂಪ ನಮ್ಮ ಗಡಿಯ ಆಚೆಗೇ ಆದದ್ದು. 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ನೆಲದಿಂದ ಸದ್ದು ಕೇಳಿ ಜನ ಬೀದಿಯಲ್ಲಿ ಮಲಗಿದರು. 2022ರ ಜೂನಿನಲ್ಲಿ ಕೊಡಗು, ಸುಳ್ಯದ ಕಡೆ ಪಾತ್ರೆಗಳು ಅಲುಗಿದವು. ಇಂಥ ಸಣ್ಣ ಕಂಪನಗಳ ನಂತರ ಬರುವ ಕ್ಲೇಮುಗಳಲ್ಲಿ ಸರ್ವೇಯರ್ ಬಿರುಕಿನ ಒಳಗೆ ಟಾರ್ಚು ಹಾಕಿ ನೋಡುತ್ತಾರೆ. ಹಳೆಯ ಬಿರುಕಿನ ಒಳಗೆ ಧೂಳು, ಜೇಡರ ಬಲೆ ಇರುತ್ತವೆ. ಹಿಂದೆ ಹೊಡೆದ ಬಣ್ಣ ಅಂಚಿನಿಂದ ಒಳಕ್ಕೆ ಇಳಿದಿರುತ್ತದೆ. ಹೊಸ ಬಿರುಕಿನ ಅಂಚು ಚೂಪು, ಒಳಗೆ ಸಿಮೆಂಟಿನ ಶುದ್ಧ ಬಣ್ಣ. ಕಿಟಕಿಯ ಮೂಲೆಯಿಂದ ಓರೆಯಾಗಿ ಸಾಗಿದ್ದರೆ ಅಲುಗಾಟದ ಗುರುತಿರಬಹುದು. ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ನೇರ ಗೆರೆಯಾಗಿದ್ದರೆ ಅದು ಬಿಸಿಲು ತಂಪಿಗೆ ಬಿಟ್ಟ ಕೂಡಿಕೆ.

ಇನ್ನು ಮಿತಿಗಳ ವಿಷಯ. ಇಲ್ಲಿ ಒಂದು ಮನೆಯ ಲೆಕ್ಕ ಹಾಕಿದರೆ ಬೇಗ ತಿಳಿಯುತ್ತದೆ. ನೆಲಮಹಡಿಯ ಮನೆ, ಕಾರ್ಪೆಟ್ ವಿಸ್ತೀರ್ಣ 1,000 ಚದರಡಿ, ಈಗ ಕಟ್ಟಲು ಚದರಡಿಗೆ 2,200 ರೂ. ಎಂದುಕೊಳ್ಳೋಣ. ಕಟ್ಟಡಕ್ಕೆ 22 ಲಕ್ಷ. ಕಾಂಪೌಂಡು, ಗೇಟು, ಸಂಪು ಸೇರಿ ಇನ್ನೆರಡು ಲಕ್ಷ. ಒಟ್ಟು ವಿಮಾ ಮೊತ್ತ 24 ಲಕ್ಷ. ಅದೇ ಮನೆ ಸೈಟು ಸೇರಿ ಮಾರುಕಟ್ಟೆಯಲ್ಲಿ ಒಂದೂಕಾಲು ಕೋಟಿ ಬಾಳಬಹುದು, ಆ ಅಂಕಿಗೆ ಇಲ್ಲಿ ಕೆಲಸವಿಲ್ಲ. ಅಷ್ಟಕ್ಕೆ ವಿಮೆ ಮಾಡಿಸಿದರೆ ಪ್ರೀಮಿಯಂ ಹೆಚ್ಚು ಕಟ್ಟುತ್ತೀರಿ, ಸಿಗುವುದು ಮತ್ತೆ ಕಟ್ಟುವ ಖರ್ಚೇ.

ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೆ ಆ ಮೊತ್ತದ ಶೇಕಡಾ 20ರಷ್ಟು ರಕ್ಷಣೆ ತಾನಾಗಿಯೇ ಸಿಗುತ್ತದೆ, ಗರಿಷ್ಠ 10 ಲಕ್ಷ ರೂ. ಪಟ್ಟಿ ಕೊಡುವ ಅಗತ್ಯವೂ ಇಲ್ಲ. ನಮ್ಮ ಮನೆಗೆ ಅದು 4.80 ಲಕ್ಷ.

ಈಗ ನೀರು ನುಗ್ಗಿತು. ಕಾಂಪೌಂಡು ಬಿತ್ತು, ಬಾಗಿಲುಗಳು ಉಬ್ಬಿದವು, ಪ್ಲಾಸ್ಟರು, ವೈರಿಂಗು ಹಾಳಾದವು. ಕಟ್ಟಡದ ದುರಸ್ತಿ 4.50 ಲಕ್ಷ. ಫ್ರಿಜ್ಜು, ವಾಷಿಂಗ್ ಮೆಷಿನ್ನು, ಮಂಚ, ಹಾಸಿಗೆ, ವಾರ್ಡ್‌ರೋಬು ಅಂಥದ್ದೇ ಹೊಸದು ಕೊಳ್ಳಲು 5.60 ಲಕ್ಷ. ಸಾಮಾನಿನ ಮಿತಿ 4.80 ಲಕ್ಷವಾದ್ದರಿಂದ ಅಲ್ಲೇ 80,000 ರೂ. ಕೈಬಿಟ್ಟಿತು. ಸಾಮಾನಿನ ಬೆಲೆಯನ್ನು ಮೊದಲೇ ಹೆಚ್ಚು ಎಂದು ಬರೆಸಿ ಇನ್ನಷ್ಟು ಪ್ರೀಮಿಯಂ ಕಟ್ಟಿದ್ದರೆ ಅದೂ ಸಿಗುತ್ತಿತ್ತು. ಉಳಿದ ಕ್ಲೇಮು 9.30 ಲಕ್ಷ. ಕೆಸರು, ಮುರಿದ ಇಟ್ಟಿಗೆ ಸಾಗಿಸಲು ಟ್ರ್ಯಾಕ್ಟರಿಗೆ, ಆಳುಗಳಿಗೆ 30,000 ರೂ. ಆಯಿತು. ಅವಶೇಷ ತೆರವಿಗೆ ಪಾಲಿಸಿ ಕೊಡುವುದು ಕ್ಲೇಮಿನ ಶೇಕಡಾ 2ರವರೆಗೆ, ಅಂದರೆ 18,600 ರೂ. ಎಂಜಿನಿಯರ ಶುಲ್ಕಕ್ಕೆ ಶೇಕಡಾ 5ರವರೆಗೆ ಅವಕಾಶ, ಖರ್ಚಾದ 20,000 ರೂ. ಪೂರ್ತಿ ಬಂತು. ಕೊನೆಗೆ ಕೈಗೆ ಬರುವುದು 9,68,600 ರೂ.

ಬೀರುವಿನ ತಳದಲ್ಲಿದ್ದ ಬೆಳ್ಳಿ ಪೂಜಾ ಸಾಮಾನು ಕೊಚ್ಚಿಹೋಯಿತು, ಅದಕ್ಕೆ ಏನೂ ಇಲ್ಲ. ಚಿನ್ನ, ಬೆಳ್ಳಿ, ಕಲಾಕೃತಿಗಳು ಬೆಲೆಬಾಳುವ ವಸ್ತುಗಳ ಸಾಲಿಗೆ ಸೇರುತ್ತವೆ. ಅವಕ್ಕೆ ಬೇರೆಯಾಗಿ ರಕ್ಷಣೆ ಕೇಳಿ ಪಡೆಯಬೇಕು. ಒಟ್ಟು 5 ಲಕ್ಷದೊಳಗೆ, ಒಂದೊಂದು ವಸ್ತು 1 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನ ಪತ್ರವೂ ಬೇಕಿಲ್ಲ, ಆದರೂ ಯಾರೂ ಮಾಡಿಸುವುದಿಲ್ಲ. ನಗದಿಗೆ ಇಲ್ಲ. ಗೇಟಿನೊಳಗೆ ಮುಳುಗಿದ ಸ್ಕೂಟರಿಗೆ ಇಲ್ಲ, ಅದು ಮೋಟಾರು ವಿಮೆಯ ಬಾಬತ್ತು. ಫ್ರಿಜ್ಜಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ನೀರಿನಲ್ಲಿ ಮುಳುಗಿ ಕೆಟ್ಟ ಫ್ರಿಜ್ಜಿಗೆ ದುಡ್ಡು ಬರುತ್ತದೆ. ನೀರು ತಾಗದ ಮಹಡಿಯಲ್ಲಿ ಕರೆಂಟು ಮರಳಿದಾಗ ಹೆಚ್ಚು ವೋಲ್ಟೇಜಿಗೆ ಸುಟ್ಟ ಟಿವಿಗೆ ಬರುವುದಿಲ್ಲ. ಮತ್ತೆ ಅದೇ ಪ್ರಶ್ನೆ, ಕಾರಣ ಯಾವುದು?

ಒಂದು ವಿಷಯದಲ್ಲಿ ಮಾತ್ರ ಹೊಸ ಪಾಲಿಸಿಯನ್ನು ಮೆಚ್ಚಲೇಬೇಕು. ಹಳೆಯ ಪಾಲಿಸಿಯಲ್ಲಿ 30 ಲಕ್ಷ ಬಾಳುವ ಕಟ್ಟಡಕ್ಕೆ 24 ಲಕ್ಷ ಮಾತ್ರ ಬರೆಸಿದ್ದರೆ ಪ್ರತಿ ಕ್ಲೇಮಿನಲ್ಲೂ ಐದನೇ ಒಂದು ಪಾಲು ಕತ್ತರಿಸುತ್ತಿದ್ದರು. ಈ ಕತ್ತರಿಯನ್ನು ಈಗ ತೆಗೆದಿದ್ದಾರೆ. ಹಾಗೆಂದು ಆಮೇಲೆ ಬಾಡಿಗೆಗೆಂದು ಮೇಲೊಂದು ಮಹಡಿ ಏರಿಸಿ ಸುಮ್ಮನಿರಬೇಡಿ. ಕಾರ್ಪೆಟ್ ವಿಸ್ತೀರ್ಣದ ಶೇಕಡಾ 10ಕ್ಕಿಂತ ಹೆಚ್ಚಿನ ಸೇರ್ಪಡೆಯನ್ನು ತಿಳಿಸಿ ಪ್ರೀಮಿಯಂ ಕಟ್ಟದಿದ್ದರೆ ಆ ಭಾಗಕ್ಕೆ ರಕ್ಷಣೆ ಇಲ್ಲ.

ಕಾಯುವ ಅವಧಿಯ ಬಗ್ಗೆ ಜನ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಆರೋಗ್ಯ ವಿಮೆಯ ಅಭ್ಯಾಸದಿಂದ. ಅಲ್ಲಿ ಮೊದಲ 30 ದಿನ ಕಾಯಬೇಕು, ಕೆಲವು ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಬೇಕು. ಗೃಹ ರಕ್ಷಾ ಪಾಲಿಸಿಯ ಪ್ರಮಾಣಿತ ಒಕ್ಕಣೆಯಲ್ಲಿ ಪ್ರವಾಹಕ್ಕೋ ಭೂಕಂಪಕ್ಕೋ ಇಂತಿಷ್ಟು ದಿನ ಕಾಯಿರಿ ಎಂಬ ಷರತ್ತಿಲ್ಲ. ಪಾಲಿಸಿ ಪತ್ರದಲ್ಲಿ ನಮೂದಿಸಿದ ದಿನ, ಗಂಟೆಯಿಂದ ಅದು ಜಾರಿ. ಹಾಗಾದರೆ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಬಂದ ಮೇಲೆ ಕಾರವಾರದವರು ಓಡಿಹೋಗಿ ಪಾಲಿಸಿ ತೆಗೆದುಕೊಳ್ಳಬಹುದೇ? ಕೇಳಬಹುದು, ಒಪ್ಪುವುದು ಬಿಡುವುದು ಕಂಪನಿಯ ಕೈಯಲ್ಲಿದೆ. ಬೀದಿಯಲ್ಲಿ ನೀರು ಏರುತ್ತಿರುವಾಗ ಕೊಟ್ಟ ಅರ್ಜಿಗೆ ಯಾರೂ ಸೀಲು ಹಾಕುವುದಿಲ್ಲ, ಆಗಲೇ ಶುರುವಾದ ನಷ್ಟಕ್ಕೆ ವಿಮೆ ಎಂಬುದಿಲ್ಲ. ನವೀಕರಣದ ದಿನ ತಪ್ಪಿಸಿಕೊಂಡವರಿಗೂ ಇದೇ ಪೇಚು. ಆರೋಗ್ಯ ವಿಮೆಯಲ್ಲಿರುವಂತೆ ಇಲ್ಲಿ ಹದಿನೈದು ದಿನ, ತಿಂಗಳ ರಿಯಾಯಿತಿ ಸಿಗುತ್ತದೆಂದು ನಂಬಿಕೊಂಡು ಕೂರುವಂತಿಲ್ಲ. ಪಾಲಿಸಿ ಮೇ 31ಕ್ಕೆ ಮುಗಿಯುವಂತೆ ಇಟ್ಟುಕೊಂಡಿರುವವರು ಮುಂಗಾರಿನ ಬಾಗಿಲಲ್ಲೇ ಬಾಗಿಲು ತೆರೆದಿಟ್ಟ ಹಾಗೆ.

ಅಮೆರಿಕದಲ್ಲಿ ಮನೆ ಕೊಂಡಿರುವ ನಮ್ಮ ಮಕ್ಕಳ ವಿಷಯ ಬೇರೆ. ಅಲ್ಲಿನ ಸಾಮಾನ್ಯ ಗೃಹ ವಿಮೆಯಲ್ಲಿ ಪ್ರವಾಹವೂ ಇಲ್ಲ, ಭೂಕಂಪವೂ ಇಲ್ಲ. ಪ್ರವಾಹಕ್ಕೆ ಸರ್ಕಾರದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆಯಲ್ಲಿ ಬೇರೆ ಪಾಲಿಸಿ ಕೊಳ್ಳಬೇಕು. ಅದು ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಜಾರಿಗೆ ಬರುತ್ತದೆ, ಹೊಸ ಗೃಹಸಾಲದ ಜೊತೆ ತೆಗೆದುಕೊಂಡಾಗ ಈ ಕಾಯುವಿಕೆ ಇಲ್ಲ. ಮನೆಗೆ ಗರಿಷ್ಠ ಎರಡೂವರೆ ಲಕ್ಷ ಡಾಲರ್, ಸಾಮಾನಿಗೆ ಒಂದು ಲಕ್ಷ. 2017ರಲ್ಲಿ ಹಾರ್ವೆ ಚಂಡಮಾರುತಕ್ಕೆ ಹ್ಯೂಸ್ಟನ್ ಮುಳುಗಿದಾಗ ಈ ಪಾಲಿಸಿ ಇಲ್ಲದ ಎಷ್ಟೋ ಮನೆಗಳಿದ್ದವು. ಊರಿಗೆ ಬಂದಾಗ ಮಗನನ್ನು ಕೇಳಬೇಕಾದ ಪ್ರಶ್ನೆ ‘ಇನ್ಶೂರೆನ್ಸ್ ಇದೆಯಾ’ ಎಂಬುದಲ್ಲ, ‘ಫ್ಲಡ್ ಪಾಲಿಸಿ ಬೇರೆ ತಗೊಂಡಿದ್ದೀಯಾ’ ಎಂಬುದು.

ನಮ್ಮ ಪಾಲಿಸಿಯಲ್ಲಿ ಕಾಯುವ ದಿನ ಇಲ್ಲದಿದ್ದರೂ ಎಣಿಸಬೇಕಾದ ದಿನಗಳಿವೆ. ಪ್ರವಾಹಕ್ಕೆ ಮನೆ ಬಿಟ್ಟು ನೆಂಟರಲ್ಲಿಗೆ ಹೋದಾಗ ಕಳ್ಳರು ನುಗ್ಗಿ ಇನ್ವರ್ಟರ್ ಬ್ಯಾಟರಿ, ಗ್ಯಾಸ್ ಸಿಲಿಂಡರು ಹೊತ್ತೊಯ್ದರೆ, ಆ ಕಳವು ಪ್ರವಾಹವಾದ 7 ದಿನದೊಳಗೆ ನಡೆದಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎಂಟನೇ ದಿನದ ಕಳ್ಳ ಬೇರೆ ಕಳ್ಳ. ನಷ್ಟ ಕಂಡ ಕೂಡಲೇ ಕಂಪನಿಗೆ ತಿಳಿಸಬೇಕು, ಕ್ಲೇಮು ಅರ್ಜಿಯನ್ನು 30 ದಿನದೊಳಗೆ ಕೊಡಬೇಕು. ಹಳೆಯ ಅಗ್ನಿ ಪಾಲಿಸಿಯಲ್ಲಿ ಮನೆಗೆ 30 ದಿನಕ್ಕಿಂತ ಹೆಚ್ಚು ಬೀಗ ಬಿದ್ದಿದ್ದರೆ ರಕ್ಷಣೆಯೇ ತಪ್ಪಿಹೋಗುವ ಷರತ್ತಿತ್ತು. ವರ್ಷದಲ್ಲಿ ಆರು ತಿಂಗಳು ಮಗಳ ಮನೆಯಲ್ಲಿರುವ ಹಿರಿಯರು ತಮ್ಮ ಪಾಲಿಸಿಯಲ್ಲಿ ಇದಕ್ಕೆ ಸಂಬಂಧಿಸಿದ ಸಾಲನ್ನು ಹುಡುಕಿ ಓದಿ, ಕಂಪನಿಗೆ ಬರೆದು ತಿಳಿಸುವುದು ಲೇಸು.

ಕಾರಣವನ್ನು ತೋರಿಸಿಕೊಡುವ ಕಾಗದಗಳು ಸರ್ಕಾರದ ಬಳಿಯೇ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ರಾತ್ರಿ ನಿಮ್ಮ ಊರಿನಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಎಂಬ ಅಂಕಿ ಸಿಗುತ್ತದೆ. ಗ್ರಾಮ ಆಡಳಿತಾಧಿಕಾರಿ ಮಾಡುವ ಪಂಚನಾಮೆಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ‘ಮಳೆಯಿಂದ ಗೋಡೆ ಕುಸಿದಿದೆ’ ಎಂದು ಒಂದೇ ಸಾಲು ಬರೆದರೆ ಸಾಲದು, ಹೊಳೆ ಉಕ್ಕಿ ಎಷ್ಟು ಅಡಿ ನೀರು ನಿಂತಿತ್ತು ಎಂಬುದೂ ಇರಲಿ. ಕಂಪನಿ ಒಪ್ಪದಿದ್ದರೆ ಲಿಖಿತ ಕಾರಣ ಕೇಳಿ. ದೂರು ಕೊಟ್ಟ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಹಿಡಿಸದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ವಕೀಲರು ಬೇಕಿಲ್ಲ, ಶುಲ್ಕವಿಲ್ಲ.

ಭಾವ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ವಾರ್ಡ್‌ರೋಬಿನ ಹಿಂದಿನ ಗೆರೆ ಸಾಕಾಯಿತು. ಹಾಲಿನಲ್ಲಿದ್ದ ಟಿವಿ ಸ್ಟ್ಯಾಂಡಿನ ಬಗ್ಗೆ ಮಾತ್ರ ಸರ್ವೇಯರ್ ಮತ್ತೆ ಮತ್ತೆ ಕೇಳಿದರು, ಅಲ್ಲಿ ನೀರು ಎಷ್ಟು ಎತ್ತರ ಬಂದಿತ್ತೆಂದು. ಅಕ್ಕ ಅಂಗೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ತೋರಿಸಿದಳು. ಗೋಡೆ ಅವಳ ಹಿಂದೆ ಫಳಫಳ ಹೊಳೆಯುತ್ತಿತ್ತು.